ಹುಟ್ಟಿದ್ದನ್ನು ನೋಡಿದವರು ಯಾರು?

ವಿಲಿಯಂ ಶೇಕ್ಸ್‌ಪಿಯರ್ ಹುಟ್ಟಿದ್ದು 1564ರ ಏಪ್ರಿಲ್ 23ರಂದು. ಇಂಗ್ಲಿಷ್ ಸಾಹಿತ್ಯವನ್ನು ಒಂದು ವರ್ಷವಾದರೂ ಓದಿದವರಿಗೆ ಈ ವಾಕ್ಯ ಬಾಯಿಪಾಠ. ಗೈಡುಗಳಲ್ಲಿ, ರಸಪ್ರಶ್ನೆಗಳಲ್ಲಿ, ವಿಶ್ವ ಪುಸ್ತಕ ದಿನದ ಭಾಷಣಗಳಲ್ಲಿ ಇದು ಬರುತ್ತಲೇ ಇರುತ್ತದೆ. ನನ್ನ ಅಣ್ಣನ ಮಗಳು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ಗೋಡೆಪತ್ರಿಕೆಗೆ ಕವಿಯ ಮೇಲೆ ಒಂದು ಪುಟ ಬರೆದಳು. ಅದರಲ್ಲಿ ಮೊದಲ ಸಾಲೇ ಇದು. ಅದನ್ನು ನೋಡಿದ ಅವರ ಮೇಷ್ಟ್ರು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದೇ ಪದ ಬರೆದು ಕೊಟ್ಟರಂತೆ: ‘ಆಕರ?’

ಅವಳು ಅದನ್ನು ನನ್ನ ಮುಂದೆ ಹಿಡಿದು, “ಚಿಕ್ಕಪ್ಪ, ಹದಿನೈದು ಕಡೆ ನೋಡಿದೀನಿ, ಎಲ್ಲ ಕಡೆಯೂ ಏಪ್ರಿಲ್ 23 ಅಂತಲೇ ಇದೆ. ಇನ್ನೇನು ಆಕರ ಬೇಕು?” ಎಂದು ಕೇಳಿದಳು. ನಾನು ವರ್ಷಗಟ್ಟಲೆ ಅಭಿನಂದನ ಗ್ರಂಥ, ಸಂಸ್ಮರಣ ಸಂಪುಟಗಳ ಕರಡು ತಿದ್ದಿದವನು. ಇಸವಿ ತಾರೀಕುಗಳ ಮೇಲೆ ನನಗೆ ಕೊಂಚ ಹೆಚ್ಚೇ ಅನುಮಾನ. ಹಾಗಾಗಿ ಅವಳು ನನ್ನ ಹತ್ತಿರ ಬಂದಿದ್ದಳು.

ಮೂಲ ದಾಖಲೆ ಪ್ರಾಥಮಿಕ ಆಕರ, ಅದನ್ನು ಆಧರಿಸಿ ಬರೆದದ್ದು ದ್ವಿತೀಯಕ ಆಕರ ಎಂಬ ವ್ಯಾಖ್ಯೆ ಅವಳಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅಷ್ಟು ಸಾಕು. ಆದರೆ ಒಬ್ಬರ ಬದುಕಿನ ಒಂದು ಸಂಗತಿಯನ್ನು ಪರೀಕ್ಷಿಸಲು ಕೂತಾಗ ಆ ವ್ಯಾಖ್ಯೆ ಬೇಗ ಕೈಕೊಡುತ್ತದೆ. ಏಕೆಂದರೆ ಅದು ಕಾಗದಗಳನ್ನು ಎರಡು ಗುಂಪು ಮಾಡಿ ಬಿಡುತ್ತದೆ: ಹಳೆಯದು, ಕೈಬರಹದ್ದು, ಕಲ್ಲಿನ ಮೇಲಿರುವುದು ಪ್ರಾಥಮಿಕ, ಅಚ್ಚಾದದ್ದು, ಈಚಿನದು ದ್ವಿತೀಯಕ. ಹಾಗಲ್ಲ. ಒಂದೇ ಹಾಳೆ ಒಂದು ಸಂಗತಿಗೆ ಪ್ರಾಥಮಿಕವಾಗಿದ್ದು ಅದರ ಪಕ್ಕದ ಸಂಗತಿಗೆ ದ್ವಿತೀಯಕವಾಗಿರಬಹುದು. ಅವಳಿಗೆ ಇದನ್ನು ಬರೀ ಮಾತಿನಲ್ಲಿ ಹೇಳಿದ್ದರೆ ಹೂಂ ಎಂದು ಎದ್ದು ಹೋಗುತ್ತಿದ್ದಳು. ಅದಕ್ಕೇ ಅವಳ ಏಪ್ರಿಲ್ 23ನ್ನೇ ಹಿಡಿದುಕೊಂಡು ಹಿಂದಕ್ಕೆ ಹೋಗೋಣ ಎಂದೆ.

ಹಿಂದಕ್ಕೆ ಹೋಗುವುದೆಂದರೆ ಇಷ್ಟೇ. ಕೈಯಲ್ಲಿರುವ ಪುಸ್ತಕ ಆ ತಾರೀಕನ್ನು ಎಲ್ಲಿಂದ ತೆಗೆದುಕೊಂಡಿತು ಎಂದು ನೋಡುವುದು, ಆ ಎರಡನೆಯದು ಎಲ್ಲಿಂದ ತೆಗೆದುಕೊಂಡಿತು ಎಂದು ನೋಡುವುದು, ಇನ್ನು ಹಿಂದೆ ಬೇರೆ ಪುಸ್ತಕವಿಲ್ಲ ಎನ್ನುವ ತನಕ ಹೀಗೇ ಹೋಗುವುದು. ಅವಳ ಹದಿನೈದು ಮೂಲಗಳಲ್ಲಿ ಒಂಬತ್ತು ಎಲ್ಲಿಂದ ತೆಗೆದುಕೊಂಡೆವೆಂದು ಹೇಳುವುದೇ ಇಲ್ಲ. ಉಳಿದವು ಒಂದನ್ನೊಂದು ತೋರಿಸುತ್ತವೆ ಅಥವಾ ಯಾವುದೋ ಜೀವನಚರಿತ್ರೆಯನ್ನು ತೋರಿಸುತ್ತವೆ. ಒಂದೇ ಬಾವಿಯ ನೀರನ್ನು ಹದಿನೈದು ಬಿಂದಿಗೆಯಲ್ಲಿ ತಂದಿಟ್ಟರೂ ಬಾವಿ ಒಂದೇ ತಾನೆ? ಜೀವನಚರಿತ್ರೆಗಳ ದಾರಿ ಹಿಡಿದು ಹಿಂದೆ ಹೋದರೆ ಈ ತಾರೀಕು 18ನೇ ಶತಮಾನದ ವಿದ್ವಾಂಸರಾದ ವಿಲಿಯಂ ಓಲ್ಡಿಸ್ ಮತ್ತು ಜಾರ್ಜ್ ಸ್ಟೀವನ್ಸ್ ಅವರಲ್ಲಿಗೆ ಬಂದು ನಿಲ್ಲುತ್ತದೆ. ಕವಿ ತೀರಿಕೊಂಡು ನೂರು ವರ್ಷ ದಾಟಿದ ಮೇಲಿನ ಮಾತು ಅದು. ಅವರಿಬ್ಬರೂ ಆ ಹುಟ್ಟನ್ನು ನೋಡಿರಲಿಲ್ಲ, ನೋಡಿದವರನ್ನು ಕಂಡಿರಲೂ ಇಲ್ಲ.

“ಹಾಗಾದರೆ ಅವರಿಗೆ ಹೇಗೆ ಗೊತ್ತಾಯಿತು?” ಎಂದಳು. ಅವಳು ತಾನಾಗಿಯೇ ಕೇಳಿದ ಈ ಪ್ರಶ್ನೆ ಸಿಕ್ಕಮೇಲೆ ನನ್ನ ಅರ್ಧ ಕೆಲಸ ಮುಗಿಯಿತು. ಯಾವ ಆಕರದ ಮುಂದೆ ನಿಂತರೂ ಕೇಳಬೇಕಾದದ್ದು ಅದೇ: ಇದನ್ನು ಹೇಳುತ್ತಿರುವವರಿಗೆ ಇದು ಹೇಗೆ ಗೊತ್ತು? ಕಂಡರೋ, ಕೇಳಿದರೋ, ಲೆಕ್ಕ ಹಾಕಿದರೋ?

ಓಲ್ಡಿಸ್‌ಗಿಂತ ಹಿಂದಕ್ಕೆ ಹೋದರೆ ಸಿಗುವುದು ಸ್ಟ್ರಾಟ್‌ಫರ್ಡ್ ಊರಿನ ಹೋಲಿ ಟ್ರಿನಿಟಿ ಚರ್ಚಿನ ರಿಜಿಸ್ಟರು. ಅದರ ಪುಟದ ಚಿತ್ರವನ್ನು ಅಮೆರಿಕದ ಫೋಲ್ಜರ್ ಗ್ರಂಥಾಲಯ ನಡೆಸುವ ‘ಶೇಕ್ಸ್‌ಪಿಯರ್ ಡಾಕ್ಯುಮೆಂಟೆಡ್’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಾವಿಬ್ಬರೂ ನೋಡಿದೆವು. 1564ರ ಏಪ್ರಿಲ್ 26ರ ಎದುರಿಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು: ಜಾನ್ ಶೇಕ್ಸ್‌ಪಿಯರನ ಮಗ ಗುಲಿಯೆಲ್ಮಸ್. ವಿಲಿಯಂ ಎಂಬ ಹೆಸರಿನ ಲ್ಯಾಟಿನ್ ರೂಪ ಅದು. ಅಷ್ಟೇ ಇರುವುದು. ಹುಟ್ಟಿದ ದಿನವಿಲ್ಲ. ಅದು ದೀಕ್ಷಾಸ್ನಾನಗಳ ಪಟ್ಟಿ. ಮಗುವನ್ನು ಚರ್ಚಿಗೆ ತಂದ ದಿನ ಅಲ್ಲಿದೆ. ಮಗು ಹುಟ್ಟಿದ ದಿನವನ್ನು ಬರೆಯುವ ಪದ್ಧತಿಯೇ ಆ ಪುಸ್ತಕದಲ್ಲಿರಲಿಲ್ಲ.

ಈ ರಿಜಿಸ್ಟರು ದೀಕ್ಷಾಸ್ನಾನಕ್ಕೆ ಪ್ರಾಥಮಿಕ ಆಕರ. ಹುಟ್ಟಿಗೆ? ಏಪ್ರಿಲ್ 26ರ ಹೊತ್ತಿಗೆ ಮಗು ಹುಟ್ಟಿತ್ತು ಎನ್ನುವುದನ್ನು ಮಾತ್ರ ಅದು ಖಚಿತವಾಗಿ ಹೇಳುತ್ತದೆ. ಉಳಿದದ್ದನ್ನು ನಾವು ಊಹಿಸಬೇಕು. ಆ ಕಾಲದ ಪ್ರಾರ್ಥನಾ ಪುಸ್ತಕ ದೀಕ್ಷಾಸ್ನಾನವನ್ನು ಮಗು ಹುಟ್ಟಿದ ಮುಂದಿನ ಭಾನುವಾರ ಅಥವಾ ಹಬ್ಬದ ದಿನಕ್ಕಿಂತ ಆಚೆಗೆ ತಳ್ಳಬಾರದು ಎಂದು ವಿಧಿಸಿತ್ತು. 1564ರ ಏಪ್ರಿಲ್ 23 ಭಾನುವಾರ. 25ನೇ ತಾರೀಕು ಮಂಗಳವಾರ, ಸಂತ ಮಾರ್ಕನ ಹಬ್ಬ. ಆ ದಿನ ಒಳ್ಳೆಯದಲ್ಲ ಎಂಬ ನಂಬಿಕೆ ಜನರಲ್ಲಿತ್ತು. 26 ಬುಧವಾರ. ಹೀಗೆ ಕೂಡಿಸಿ ನೋಡಿದರೆ 23 ಹೊಂದಿಕೊಳ್ಳುತ್ತದೆ. ಆದರೆ 22 ಕೂಡ ದೂರವೇನಲ್ಲ. ಡಿ ಕ್ವಿನ್ಸಿ ಎಂಬ ಪ್ರಬಂಧಕಾರ 22 ಇರಬಹುದೆಂದು ಸೂಚಿಸಿದ್ದ. ಕವಿಯ ಮೊಮ್ಮಗಳು ಎಲಿಜಬೆತ್ ಏಪ್ರಿಲ್ 22ರಂದೇ ಮದುವೆಯಾದಳು, ಅಜ್ಜನ ಹುಟ್ಟಿದ ದಿನವೆಂದು ಅದನ್ನು ಆರಿಸಿಕೊಂಡಿರಬಹುದು ಎಂಬುದು ಅವನ ತರ್ಕ. ಮದುವೆಯ ದಿನಕ್ಕೆ ದಾಖಲೆಯಿದೆ. ಆರಿಸಿದ್ದರ ಕಾರಣಕ್ಕೆ ಯಾವ ದಾಖಲೆಯೂ ಇಲ್ಲ.

ಅಲ್ಲಿಗೆ ಮುಗಿಯಿತೆಂದು ಅವಳು ಪುಸ್ತಕ ಮುಚ್ಚುವುದರಲ್ಲಿದ್ದಳು. ನಾನು ಪುಟದ ಕೈಬರಹವನ್ನು ಇನ್ನೊಮ್ಮೆ ನೋಡಲು ಹೇಳಿದೆ. 1558ರಿಂದ 1600ರವರೆಗಿನ ಪುಟಗಳನ್ನು ಒಂದಾದಮೇಲೊಂದು ತೆರೆದರೆ ಅಕ್ಷರ ಒಂದೇ ಕೈಯದು. ನಲವತ್ತು ವರ್ಷ ಒಬ್ಬನೇ ಗುಮಾಸ್ತ ಒಂದೇ ಹದದಲ್ಲಿ ಬರೆಯುವುದು ಸಾಧ್ಯವೆ? ಇನ್ನೊಂದು ಗುಟ್ಟು ಪುಟದ ಕೆಳಗಿದೆ. ಹಳೆಯ ಪುಟಗಳಿಗೂ ರಿಚರ್ಡ್ ಬೈಫೀಲ್ಡ್ ಎಂಬ ಪಾದ್ರಿಯ ಸಹಿಯಿದೆ; ಅವನು ಆ ಊರಿನ ಪಾದ್ರಿಯಾಗಿ ಬಂದದ್ದೇ 1590ರ ದಶಕದ ಕೊನೆಯಲ್ಲಿ. ವಿಷಯ ಇಷ್ಟು: ಹಳೆಯ ಕಾಗದದ ರಿಜಿಸ್ಟರುಗಳು ಹಾಳಾಗುತ್ತವೆಂದು, ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಿ ಎಂದು ಇಂಗ್ಲೆಂಡಿನ ಚರ್ಚುಗಳಿಗೆ 1598ರಲ್ಲಿ ಆಜ್ಞೆಯಾಯಿತು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ವರ್ಷದಿಂದಾಚೆಯದನ್ನು ಮುಖ್ಯವಾಗಿ ನಕಲಿಸಬೇಕೆಂದು ಅದರಲ್ಲಿತ್ತು. ಅದಕ್ಕೇ ಸ್ಟ್ರಾಟ್‌ಫರ್ಡಿನ ಪುಸ್ತಕ 1558ರಿಂದ ಶುರುವಾಗುತ್ತದೆ. ನಾವು ಪರದೆಯ ಮೇಲೆ ನೋಡುತ್ತಿದ್ದದ್ದು ಮೂಲವಲ್ಲ, ಸುಮಾರು 1600ರಲ್ಲಿ ಮಾಡಿದ ನಕಲು. ಮೂಲ ಕಾಗದ ಉಳಿದಿಲ್ಲ.

“ಅಯ್ಯೋ, ಹಾಗಾದರೆ ಇದೂ ದ್ವಿತೀಯಕವೇ!” ಎಂದು ಅವಳು ಕೈಚೆಲ್ಲಿದಳು. ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಹಾಳೆ ಮೂಲದ್ದೋ ನಕಲೋ ಎಂಬುದು ಒಂದು ಪ್ರಶ್ನೆ. ಅದರ ಮೇಲಿನ ಮಾತು ಕಂಡವರದ್ದೋ ಕೇಳಿದವರದ್ದೋ ಎಂಬುದು ಬೇರೆಯೇ ಪ್ರಶ್ನೆ. ಸ್ಟ್ರಾಟ್‌ಫರ್ಡಿನ ಹಾಳೆ ನಕಲು, ಆದರೆ ಅದರ ಮಾತು 1564ರಲ್ಲಿ ದೀಕ್ಷಾಸ್ನಾನ ಆದಾಗಲೇ ಬರೆದಿಟ್ಟದ್ದರಿಂದ ಬಂದದ್ದು. ಅದನ್ನು ಸಾಲುಸಾಲಾಗಿ ನಕಲಿಸಿ, ಪಾದ್ರಿಯೂ ಚರ್ಚಿನ ಪಾರುಪತ್ಯಗಾರರೂ ಸಹಿ ಮಾಡಿದ್ದಾರೆ. ಇಲ್ಲಿ ಭಯಪಡಬೇಕಾದದ್ದು ಕಣ್ತಪ್ಪಿನ ಬಗ್ಗೆ: ಒಂದು ಸಾಲು ಬಿಟ್ಟುಹೋಗಿರಬಹುದು, 26ರ ಜಾಗದಲ್ಲಿ ಪಕ್ಕದ ತಾರೀಕು ಬಿದ್ದಿರಬಹುದು. ಓಲ್ಡಿಸ್ ಬರೆದದ್ದರ ಬಗ್ಗೆ ಭಯಪಡಬೇಕಾದದ್ದು ಬೇರೆ: ಅದು ಯಾರ ಕಣ್ಣಿಗೂ ಬಿದ್ದ ಸಂಗತಿಯೇ ಅಲ್ಲದಿರಬಹುದು. ಎರಡನ್ನೂ ದ್ವಿತೀಯಕ ಎಂಬ ಒಂದೇ ಚೀಲಕ್ಕೆ ಹಾಕಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ತಾರೀಕುಗಳ ಬಗ್ಗೆ ಇನ್ನೊಂದು ಎಚ್ಚರವನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗಿನ ಇಂಗ್ಲೆಂಡಿನಲ್ಲಿ ದಾಖಲೆಯ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಶೇಕ್ಸ್‌ಪಿಯರನ ಅವಳಿ ಮಕ್ಕಳಿಗೆ ಫೆಬ್ರವರಿ 2ರಂದು ದೀಕ್ಷಾಸ್ನಾನವಾದಾಗ ರಿಜಿಸ್ಟರಿನಲ್ಲಿ ಬಿದ್ದ ವರ್ಷ 1584. ನಮ್ಮ ಲೆಕ್ಕದಲ್ಲಿ ಅದು 1585. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಬಲ್ಲ ನಮಗೆ ಇದು ಕಷ್ಟವಾಗಬಾರದು. ಹಾಗಿದ್ದೂ ಅಚ್ಚಿಗೆ ಬರುವ ಎಷ್ಟೋ ಪುಸ್ತಕಗಳಲ್ಲಿ ಸಂವತ್ಸರವನ್ನು ಇಸವಿಗೆ ತಿರುಗಿಸುವಾಗ ಜನವರಿ, ಫೆಬ್ರವರಿಗಳಲ್ಲಿ ಹುಟ್ಟಿದವರೆಲ್ಲ ಒಂದು ವರ್ಷ ದೊಡ್ಡವರಾಗಿಬಿಡುವುದನ್ನು ಕರಡುಗಳಲ್ಲಿ ಕಂಡಿದ್ದೇನೆ.

ಮತ್ತೆ 23ಕ್ಕೆ ಬರೋಣ. ಅದಕ್ಕೆ ಇನ್ನೊಂದು ಆಸರೆ ಅದೇ ಚರ್ಚಿನ ಗೋಡೆಯ ಮೇಲಿದೆ. ಕವಿಯ ಸ್ಮಾರಕದಲ್ಲಿ ಅವನು 1616ರ ಏಪ್ರಿಲ್ 23ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡನೆಂದು ಕೆತ್ತಿದೆ. ಅಂದರೆ 52 ತುಂಬಿ 53 ನಡೆಯುತ್ತಿತ್ತು. ಹಾಗೆ ಓದಿದರೆ ಅವನು 1564ರ ಏಪ್ರಿಲ್ 23ಕ್ಕೆ ಅಥವಾ ಅದಕ್ಕೂ ಮೊದಲು ಹುಟ್ಟಿರಬೇಕು. 24 ಅಥವಾ 25 ಆಗಿದ್ದರೆ ಸಾಯುವಾಗ ಅವನಿಗೆ 52 ಇನ್ನೂ ತುಂಬಿರುತ್ತಿರಲಿಲ್ಲ. ರಿಜಿಸ್ಟರು ಈ ಕಡೆಯ ಗಡಿಯನ್ನು 26ಕ್ಕೆ ಇಟ್ಟಿತ್ತು, ಕಲ್ಲು ಅದನ್ನು 23ಕ್ಕೆ ಸರಿಸಿತು. ಆದರೆ ಕಲ್ಲಿನ ಮಾತಿನಲ್ಲಿ ಎರಡು ಜಾತಿಯಿದೆ. ಆ ಸ್ಮಾರಕ ನಿಂತದ್ದು ಅವನು ಸತ್ತ ಏಳು ವರ್ಷಗಳ ಒಳಗೆ. 1623ರಲ್ಲಿ ಅಚ್ಚಾದ ಅವನ ನಾಟಕಗಳ ಮೊದಲ ಸಂಪುಟದಲ್ಲೇ ಅದರ ಪ್ರಸ್ತಾಪವಿದೆ. ಸತ್ತ ದಿನವನ್ನು ಕಂಡವರು ಆಗ ಊರಲ್ಲಿ ಇದ್ದರು. ಏಪ್ರಿಲ್ 25ರಂದು ಮಣ್ಣು ಮಾಡಿದ್ದನ್ನು ರಿಜಿಸ್ಟರೂ ಹೇಳುತ್ತದೆ. ವಯಸ್ಸು ಹಾಗಲ್ಲ. 1564ರ ಆ ಮನೆಯಲ್ಲಿದ್ದ ತಂದೆತಾಯಿಗಳಿಬ್ಬರೂ ಸ್ಮಾರಕದ ಹೊತ್ತಿಗೆ ಇರಲಿಲ್ಲ. ಯಾರೋ ಮನೆಯವರು ತಾವು ಕೇಳಿದ್ದನ್ನು ಕಲ್ಕುಟಿಗನಿಗೆ ಹೇಳಿದರು. ಒಂದೇ ಕಲ್ಲು, ಒಂದೇ ಉಳಿ. ಸಾವಿಗೆ ಪ್ರಾಥಮಿಕ, ಹುಟ್ಟಿಗೆ ದ್ವಿತೀಯಕ.

“ಕವಿಯೇ ಎಲ್ಲಾದರೂ ಬರೆದಿಟ್ಟಿದ್ದರೆ?” ಎಂದು ಅವಳು ಕೇಳಿದ್ದು ಸಹಜವೇ. ಬರೆದಿಟ್ಟಿಲ್ಲ, ಆದರೆ ಹೇಳಿದ್ದಾನೆ. ಲಂಡನ್ನಿನಲ್ಲಿ ಅವನು ಬಾಡಿಗೆಗಿದ್ದ ಮನೆಯ ಯಜಮಾನನಿಗೂ ಅಳಿಯನಿಗೂ ವರದಕ್ಷಿಣೆಯ ಜಗಳವಾಗಿ ಅದು ಕೋರ್ಟಿಗೆ ಹೋಯಿತು. ಮದುವೆಯ ಮಾತುಕತೆಯಲ್ಲಿ ಓಡಾಡಿದ್ದ ಶೇಕ್ಸ್‌ಪಿಯರನನ್ನು 1612ರ ಮೇ 11ರಂದು ಸಾಕ್ಷಿಗೆ ಕರೆದರು. ಕೊಡುತ್ತೇನೆಂದ ಮೊತ್ತ ಎಷ್ಟೆಂದು ನೆನಪಿಲ್ಲ ಎಂದ ಮಹಾಶಯ! ಆ ಹೇಳಿಕೆಯ ತಲೆಯಲ್ಲಿ ಸಾಕ್ಷಿಯ ವಯಸ್ಸು 48 ಅಥವಾ ಅದರ ಆಸುಪಾಸು ಎಂದಿದೆ, ಕೆಳಗೆ ಅವನದೇ ಸಹಿಯಿದೆ. ಚಾರ್ಲ್ಸ್ ವಿಲಿಯಂ ವ್ಯಾಲೇಸ್ ಎಂಬ ಅಮೆರಿಕನ್ ವಿದ್ವಾಂಸ ತನ್ನ ಹೆಂಡತಿ ಹುಲ್ಡಾಳ ಜೊತೆ ಲಂಡನ್ನಿನ ಸರ್ಕಾರಿ ಪತ್ರಾಗಾರದ ಕಟ್ಟುಗಳನ್ನು ಬಿಚ್ಚಿ ಬಿಚ್ಚಿ 1909ರಲ್ಲಿ ಇದನ್ನು ಹೊರತೆಗೆದ. ಕಟ್ಟುಗಳಿಗೆ ಸರಿಯಾದ ಪಟ್ಟಿಯೂ ಇರದ ಕಾಲದಲ್ಲಿ ಗಂಡಹೆಂಡಿರು ಮಾಡಿದ ಆ ಕೆಲಸ ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

1612ರಿಂದ 48 ಕಳೆದರೆ 1564. ರಿಜಿಸ್ಟರಿಗೆ ಹೊಂದಿತು. ಅವಳು ಚಪ್ಪಾಳೆ ತಟ್ಟಿದಳು: “ಇದಕ್ಕಿಂತ ಪ್ರಾಥಮಿಕ ಇನ್ನೇನಿದೆ? ಅವನದೇ ಬಾಯಿ, ಅವನದೇ ಸಹಿ.” ನಾನು, “ನೀನು ಹುಟ್ಟಿದ್ದು ಯಾವಾಗ ಅಂತ ನಿನಗೆ ಯಾರು ಹೇಳಿದರು?” ಎಂದೆ. ಒಂದು ಕ್ಷಣ ಸುಮ್ಮನಿದ್ದು, “ಅಮ್ಮ,” ಎಂದಳು. ಅಷ್ಟೇ ವಿಷಯ. ತನ್ನ ಹುಟ್ಟಿಗೆ ಯಾರೂ ಸಾಕ್ಷಿಯಲ್ಲ. ಅಲ್ಲೇ ಇದ್ದರೂ ಸಾಕ್ಷಿಯಲ್ಲ. ಆ ಕಾಗದ ಶೇಕ್ಸ್‌ಪಿಯರ್ 1612ರಲ್ಲಿ ಲಂಡನ್ನಿನಲ್ಲಿದ್ದ ಎಂಬುದಕ್ಕೆ, ಅವನು ಹೇಗೆ ಸಹಿ ಮಾಡುತ್ತಿದ್ದ ಎಂಬುದಕ್ಕೆ, ಆ ಮನೆಯ ಮದುವೆಯಲ್ಲಿ ಅವನ ಪಾತ್ರವೇನು ಎಂಬುದಕ್ಕೆ ಅತ್ಯುತ್ತಮ ಪ್ರಾಥಮಿಕ ಆಕರ. ಅವನ ವಯಸ್ಸಿಗೆ ಮಾತ್ರ ಕೇಳಿದ ಮಾತು. ಜತೆಗೆ ‘ಆಸುಪಾಸು’ ಎಂಬ ಪದ ಬೇರೆ. ಸಾಕ್ಷಿಗಳ ವಯಸ್ಸನ್ನು ಹಾಗೆ ಬರೆಯುವುದು ಆ ಗುಮಾಸ್ತರ ರೂಢಿ. ಆತ್ಮಕಥೆಗಳನ್ನು ಆಕರವಾಗಿ ಬಳಸುವ ನಮ್ಮ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಲೇಖಕ ತಾನು ಕಂಡದ್ದನ್ನೂ ತನ್ನ ಬಗ್ಗೆ ತಾನು ಕೇಳಿದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತಾನೆ; ಬೇರೆ ಮಾಡಿಕೊಳ್ಳುವ ಕೆಲಸ ನಮ್ಮದು.

ಹುಟ್ಟಿದ ತಾರೀಕು ಎರಡು ದಿನ ಆಚೀಚೆ ಆದರೆ ಯಾರ ಗಂಟೇನು ಹೋಗುತ್ತದೆ ಎಂದು ನಿಮಗೂ ಅನಿಸುತ್ತಿರಬಹುದು. ಅವನ ಹೆಂಡತಿಯ ವಿಷಯದಲ್ಲಿ ಸಾಕಷ್ಟು ಹೋಗಿದೆ. ಆ್ಯನ್ ಹ್ಯಾಥವೇ ಗಂಡನಿಗಿಂತ ಎಂಟು ವರ್ಷ ದೊಡ್ಡವಳು ಎಂಬುದರ ಮೇಲೆ ಎಷ್ಟೊಂದು ಕತೆಗಳು ಹುಟ್ಟಿವೆ: 18ರ ಹುಡುಗನನ್ನು ಬಲೆಗೆ ಹಾಕಿಕೊಂಡಳು, ಅವನು ಅದಕ್ಕೇ ಲಂಡನ್ನಿಗೆ ಓಡಿಹೋದ, ನಾಟಕಗಳಲ್ಲಿ ಬರುವ ಆ ಮಾತು ಇದಕ್ಕೇ ಹೇಳಿದ್ದು, ಹೀಗೆ. ಆ ಎಂಟು ವರ್ಷ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋದರೆ ಸಿಗುವುದು ಒಂದೇ ಒಂದು ಆಕರ. ಅವಳ ಸಮಾಧಿಯ ಮೇಲಿನ ಹಿತ್ತಾಳೆ ಫಲಕದಲ್ಲಿ 1623ರ ಆಗಸ್ಟ್ 6ರಂದು 67ನೇ ವಯಸ್ಸಿನಲ್ಲಿ ತೀರಿಕೊಂಡಳು ಎಂದಿದೆ. 1623ರಿಂದ 67 ಕಳೆದರೆ 1556. ಆಗಸ್ಟ್ 8ಕ್ಕೆ ಮಣ್ಣು ಮಾಡಿದ ದಾಖಲೆ ರಿಜಿಸ್ಟರಿನಲ್ಲಿದೆ, ಹಾಗಾಗಿ ಸಾವಿಗೆ ಎರಡು ಸಾಕ್ಷಿ. ವಯಸ್ಸಿಗೆ ಆ ಫಲಕ ಬಿಟ್ಟರೆ ಯಾರೂ ಇಲ್ಲ. ದೀಕ್ಷಾಸ್ನಾನವನ್ನು ಹುಡುಕೋಣವೆಂದರೆ ಪುಸ್ತಕ ಶುರುವಾಗುವುದೇ 1558ಕ್ಕೆ. ಕೆತ್ತುವವನು ಚೀಟಿಯಲ್ಲಿದ್ದ 61ನ್ನು 67 ಎಂದು ಓದಿಕೊಂಡಿದ್ದರೆ ಎಂದು ಕೆಲವರು ಕೇಳಿದ್ದಾರೆ. ಹಾಗಿದ್ದರೆ ವ್ಯತ್ಯಾಸ ಎರಡು ವರ್ಷಕ್ಕೆ ಇಳಿಯುತ್ತದೆ. ನನಗೆ ಆ ಊಹೆ ಹಿಡಿಸುವುದಿಲ್ಲ, ಫಲಕವನ್ನು ಅನುಮಾನಿಸಲು ಅದರಲ್ಲಿ ಬೇರೆ ಕಾರಣವಿಲ್ಲ. ಆದರೆ ಒಂದು ಹೆಂಗಸಿನ ಸ್ವಭಾವವನ್ನೇ ತೀರ್ಮಾನಿಸುವಷ್ಟು ಭಾರವನ್ನು ಎರಡು ಅಂಕಿಗಳ ಮೇಲೆ ಹೊರಿಸಿದ್ದಾರೆ ಎಂಬುದಂತೂ ನಿಜ.

ಪ್ರಾಥಮಿಕ ಆಕರದ ತನಕ ಹೋದರೆ ಸಾಕು, ತಪ್ಪು ಆಗುವುದಿಲ್ಲ ಎಂದೂ ಅವಳು ತಿಳಿಯಬಾರದಿತ್ತು. ನಿಕೊಲಸ್ ರೋ ಎಂಬವನು 1709ರಲ್ಲಿ ಶೇಕ್ಸ್‌ಪಿಯರನ ಜೀವನಚರಿತ್ರೆ ಬರೆದ. ಬೆಟರ್ಟನ್ ಎಂಬ ನಟ ಅವನಿಗಾಗಿ ಕವಿಯ ಊರ ಕಡೆ ಹೋಗಿ ಮಾಹಿತಿ ತಂದುಕೊಟ್ಟ. ಹಾಗೆ ಬಂದ ಚರಿತ್ರೆಯಲ್ಲಿ ಕವಿಯ ತಂದೆಗೆ ಹತ್ತು ಮಕ್ಕಳು. ನಿಜಕ್ಕೂ ಎಂಟು. ಜಾನ್ ಶೇಕ್ಸ್‌ಪಿಯರ್ ಎಂಬ ಹೆಸರಿನ ಚಪ್ಪಲಿ ಹೊಲಿಯುವವನೊಬ್ಬ ಅದೇ ಊರಿನಲ್ಲಿದ್ದ, ಅವನ ಮಕ್ಕಳ ಹೆಸರೂ ಅದೇ ರಿಜಿಸ್ಟರಿನಲ್ಲಿದ್ದವು. ಎರಡು ಮನೆಗಳನ್ನು ಮುಂದೆ ಎಡ್ಮಂಡ್ ಮಲೋನ್ ಎಂಬ ವಿದ್ವಾಂಸ ಬೇರೆ ಮಾಡಿದ. ರಿಜಿಸ್ಟರಿನ ಸಾಲುಗಳಲ್ಲಿ ತಪ್ಪಿರಲಿಲ್ಲ. ಆ ಸಾಲು ಯಾರದ್ದು ಎಂದು ತಿಳಿಯುವುದರಲ್ಲಿ ತಪ್ಪಿತ್ತು. ನಮ್ಮಲ್ಲಿ ಒಂದೇ ಊರಿನಲ್ಲಿ ಮೂವರು ರಾಮಯ್ಯಂದಿರು ಇರುವಾಗ ಪಹಣಿ ಹಿಡಿದು ವಂಶವೃಕ್ಷ ಬರೆಯಲು ಹೊರಟವರಿಗೆ ಇದು ಗೊತ್ತಿರುತ್ತದೆ. ಹೆಸರಿನ ಜೊತೆ ಕಸುಬು, ಬೀದಿ, ಹೆಂಡತಿಯ ಹೆಸರು, ಹೀಗೆ ಇನ್ನೊಂದು ಗುರುತು ಕೂಡದ ಹೊರತು ಆ ನಮೂದು ನಮ್ಮವರದೆಂದು ಹೇಳುವ ಹಾಗಿಲ್ಲ.

ಗೋಡೆಪತ್ರಿಕೆಗೆ ಅವಳು ಕೊನೆಗೆ ಬರೆದದ್ದು ಹೀಗಿತ್ತು: 1564ರ ಏಪ್ರಿಲ್ 26ರಂದು ದೀಕ್ಷಾಸ್ನಾನವಾಯಿತು, ಹುಟ್ಟಿದ ದಿನಕ್ಕೆ ದಾಖಲೆಯಿಲ್ಲ, ಅದಕ್ಕಿಂತ ಕೆಲವು ದಿನ ಮೊದಲು ಇರಬೇಕು, 23 ಎಂಬುದು 18ನೇ ಶತಮಾನದಿಂದ ಬಂದ ರೂಢಿ. ಮೇಷ್ಟ್ರು ಒಪ್ಪಿದರಂತೆ. ಹಾಗೆ ಬಿಟ್ಟಿದ್ದರೆ ನನಗೂ ಇದನ್ನು ಬರೆಯುವ ಕಾರಣವಿರುತ್ತಿರಲಿಲ್ಲ. ಆದರೆ ಮುಂದಿನ ಬೇಸಿಗೆಯ ರಜೆಯಲ್ಲಿ ಅವಳು ತನ್ನ ಅಜ್ಜನ, ಎಂದರೆ ತೀರಿಕೊಂಡ ನನ್ನ ತಂದೆಯ, ಬದುಕನ್ನು ಮನೆಮಂದಿಗಾಗಿ ಬರೆಯಲು ಕೂತಳು. ಮೊದಲ ಸಾಲಿಗೇ ನಿಂತಳು.

ಅಪ್ಪನ ಎಲ್ಲ ಕಾಗದಗಳಲ್ಲಿ ಹುಟ್ಟಿದ ತಾರೀಕು 1-6-1936. ಶಾಲೆಯ ದಾಖಲೆ, ಕೆಲಸದ ಸೇವಾ ಪುಸ್ತಕ, ಪಿಂಚಣಿ ಕಾಗದ, ಕೊನೆಗೆ ಮರಣ ಪ್ರಮಾಣಪತ್ರದಲ್ಲಿನ ವಯಸ್ಸು, ಎಲ್ಲವೂ ಒಂದೇ. “ನಾಲ್ಕು ಕಾಗದ, ಆದರೆ ಬಾವಿ ಒಂದೇ,” ಎಂದಳು ಅವಳೇ. ಪಿಂಚಣಿ ಕಾಗದ ಸೇವಾ ಪುಸ್ತಕ ನೋಡಿ ಬರೆದದ್ದು, ಸೇವಾ ಪುಸ್ತಕ ಶಾಲೆಯ ಪ್ರಮಾಣಪತ್ರ ನೋಡಿ ಬರೆದದ್ದು, ಅದು ಶಾಲೆಯ ದಾಖಲಾತಿ ರಿಜಿಸ್ಟರು ನೋಡಿ. ಆ ರಿಜಿಸ್ಟರಿನ ಮುಂದೆ ಕೂತಿದ್ದ ಮೇಷ್ಟ್ರಿಗೆ ಹೇಗೆ ಗೊತ್ತು? ಜೂನ್ 1 ಎಂಬ ಹುಟ್ಟಿದ ದಿನ ಕರ್ನಾಟಕದ ಹಳಬರಲ್ಲಿ ಎಷ್ಟು ಜನಕ್ಕಿದೆ ಎಂದು ಯಾವುದಾದರೂ ಕಚೇರಿಯ ಪಟ್ಟಿ ನೋಡಿದರೆ ತಿಳಿಯುತ್ತದೆ. ಶಾಲೆ ಶುರುವಾಗುವ ತಿಂಗಳು ಅದು. ಸೇರಿಸಲು ಬೇಕಾದ ವಯಸ್ಸಿಗೆ ಸರಿಯಾಗಿ ಹಿಂದಕ್ಕೆ ಎಣಿಸಿ ಮೇಷ್ಟ್ರು ಒಂದು ವರ್ಷ ಹಾಕಿಬಿಡುತ್ತಿದ್ದರು. ಅಪ್ಪ ಶಾಲೆಗೆ ಸೇರಿದ ದಿನಕ್ಕೆ ಆ ರಿಜಿಸ್ಟರು ಪ್ರಾಥಮಿಕ. ಹುಟ್ಟಿದ ದಿನಕ್ಕೆ ಅದು ದ್ವಿತೀಯಕವೂ ಅಲ್ಲವೇನೋ, ಒಂದು ಅನುಕೂಲ.

ತಾಲ್ಲೂಕು ಕಚೇರಿಯಲ್ಲಿ ಆ ಊರಿನ ಜನನ ನಮೂದುಗಳನ್ನು ಕೇಳಿದೆವು. ಆ ವರ್ಷಗಳದ್ದು ಲಭ್ಯವಿಲ್ಲ ಎಂದು ಬರೆದುಕೊಟ್ಟರು. ಜಾತಕ ಮನೆಯಲ್ಲಿ ಉಳಿದಿರಲಿಲ್ಲ. ಉಳಿದಿದ್ದರೂ ಅದು ಹುಟ್ಟಿದಾಗ ಬರೆಸಿದ್ದೋ ಮದುವೆಯ ಹೊತ್ತಿಗೆ ಮತ್ತೆ ಬರೆಸಿದ್ದೋ ಎಂದು ನೋಡಬೇಕಾಗುತ್ತಿತ್ತು. ಇನ್ನು ಉಳಿದದ್ದು ಅಪ್ಪನ ಅಕ್ಕ, ನನ್ನ ದೊಡ್ಡತ್ತೆ. ತೊಂಬತ್ತರ ಹತ್ತಿರ ವಯಸ್ಸು, ಕಿವಿ ಮಂದ, ನೆನಪು ಚುರುಕು.

“ದೊಡ್ಡಜ್ಜೀ, ಅಜ್ಜ ಹುಟ್ಟಿದ್ದು ಯಾವಾಗ?” ಎಂದು ಇವಳು ಕಿವಿಯ ಹತ್ತಿರ ಬಾಗಿ ಕೇಳಿದಳು.

“ಈಶ್ವರ ಸಂವತ್ಸರ, ಶ್ರಾವಣ ಮಾಸ. ನಾಗರಪಂಚಮಿ ಮಾರನೇ ದಿನ,” ಎಂದರು ದೊಡ್ಡತ್ತೆ ತಡೆಯದೆ.

ಈಶ್ವರ ಸಂವತ್ಸರವೆಂದರೆ 1937ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಆ ವರ್ಷದ ನಾಗರಪಂಚಮಿ ಆಗಸ್ಟಿನ ಎರಡನೇ ವಾರದಲ್ಲಿ ಬರುತ್ತದೆ. ಕಾಗದಕ್ಕೂ ಇದಕ್ಕೂ 14 ತಿಂಗಳ ಅಂತರ. ಅಪ್ಪ 58 ತುಂಬಿತೆಂದು 1994ರ ಮೇ ಕೊನೆಗೆ ನಿವೃತ್ತರಾದರು. ಆ 14 ತಿಂಗಳ ಸಂಬಳ ಬಂದಿದ್ದರೆ ನಮ್ಮ ತಂಗಿಯ ಮದುವೆಗೆ ಮಾಡಿದ ಸಾಲ ಅಷ್ಟು ವರ್ಷ ಎಳೆಯುತ್ತಿರಲಿಲ್ಲ. ಹಾಗಾಗಿ ದೊಡ್ಡತ್ತೆಯ ಮಾತನ್ನು ಅಲ್ಲೇ ಬರೆದುಕೊಂಡುಬಿಡಲು ನನ್ನ ಕೈ ತುಡಿಯುತ್ತಿತ್ತು. ಇವಳು ಬಿಡಲಿಲ್ಲ.

“ದೊಡ್ಡಜ್ಜೀ, ನಿಮಗೆ ಹೇಗೆ ಗೊತ್ತು? ನೀವು ನೋಡಿದ್ರಾ?”

“ನೋಡದೆ ಏನು! ಹಿಂದಿನ ದಿನ ಹುತ್ತಕ್ಕೆ ತನಿ ಎರೆದು ಬಂದಿದ್ವಿ. ತಂಬಿಟ್ಟಿನ ಡಬ್ಬಿ ಅಟ್ಟದ ಮೇಲಿಟ್ಟಿದ್ರು. ಅಮ್ಮನಿಗೆ ನೋವು ಬಂದು ಎಲ್ಲರೂ ಒಳಗೆ ಓಡಾಡ್ತಿದ್ರು, ನಾನು ಅಟ್ಟ ಹತ್ತಿ ತಂಬಿಟ್ಟು ತಿಂತಾ ಕೂತಿದ್ದೆ. ಅಲ್ಲೇ ಮಗು ಅಳೋದು ಕೇಳಿಸ್ತು.”

“ಮತ್ತೆ ಈಶ್ವರ ಸಂವತ್ಸರ ಅನ್ನೋದು?”

ದೊಡ್ಡತ್ತೆ ಸ್ವಲ್ಪ ಹೊತ್ತು ಇವಳ ಮುಖವನ್ನೇ ನೋಡಿದರು. “ಅದು ಅಮ್ಮ ಹೇಳ್ತಿದ್ದದ್ದು ಕಣೆ. ನನಗೆ ಆಗ ಏಳೋ ಎಂಟೋ. ಸಂವತ್ಸರ ಗಿಂವತ್ಸರ ನನಗೇನು ಗೊತ್ತು?”

ಒಂದೇ ಉಸಿರಿನಲ್ಲಿ ಬಂದ ಒಂದು ವಾಕ್ಯದ ಅರ್ಧ ಕಂಡದ್ದು, ಇನ್ನರ್ಧ ಕೇಳಿದ್ದು. ಅಟ್ಟದ ಮೇಲೆ ಕೂತಿದ್ದ ಹುಡುಗಿ ಹಬ್ಬದ ಮರುದಿನಕ್ಕೆ ಸಾಕ್ಷಿ, ವರ್ಷಕ್ಕೆ ಅಲ್ಲ. ವರ್ಷವನ್ನು ಹೇಳಿದ ಅವರಮ್ಮನಿಗೆ ಅದು ಗೊತ್ತಿರಲು ಬೇಕಾದಷ್ಟು ಕಾರಣವಿದೆ, ಆದರೆ ಅದು ನಮಗೆ ತಲುಪಿದ್ದು ಎಂಬತ್ತು ವರ್ಷ ಇನ್ನೊಬ್ಬರ ಬಾಯಲ್ಲಿ ಇದ್ದು. ಹಿಂದಿನ ವರ್ಷವೇ ಆಗಿದ್ದರೆ ನಾಗರಪಂಚಮಿ 1936ರ ಜುಲೈ ಕೊನೆಯ ಭಾಗಕ್ಕೆ ಬೀಳುತ್ತದೆ. ಆಗ ಶಾಲೆಯ ಮೇಷ್ಟ್ರು ಹೆಚ್ಚೇನೂ ಸರಿಸಿರಲಿಲ್ಲ, ಎರಡು ತಿಂಗಳು ಅಷ್ಟೆ. ಎರಡರಲ್ಲಿ ಒಂದನ್ನು ತೆಗೆದುಹಾಕಲು ಚಿಕ್ಕಪ್ಪನ ಜಾತಕ ನೋಡಿದೆವು. ಅದು ಬಹುಧಾನ್ಯ ಸಂವತ್ಸರದ ಮಾಘ, ಅಂದರೆ 1939ರ ಆರಂಭ. ಅಣ್ಣ 1936ರಲ್ಲಿ ಹುಟ್ಟಿದ್ದರೂ 1937ರಲ್ಲಿ ಹುಟ್ಟಿದ್ದರೂ ತಮ್ಮನಿಗೆ ಅಡ್ಡಿಯಿಲ್ಲ.

ಅವಳು ಬರೆದ ಸಾಲು ಈಗ ಮನೆಯವರೆಲ್ಲರ ಬಳಿ ಇರುವ ಪುಸ್ತಿಕೆಯಲ್ಲಿದೆ: ‘ಅಜ್ಜ ನಾಗರಪಂಚಮಿಯ ಮರುದಿನ ಹುಟ್ಟಿದರು ಎಂದು ಆ ದಿನ ಮನೆಯಲ್ಲಿದ್ದ ಅವರ ಅಕ್ಕ ಹೇಳುತ್ತಾರೆ. ವರ್ಷ 1937 ಎಂದು ಅವರು ತಮ್ಮ ತಾಯಿಯಿಂದ ಕೇಳಿದ್ದಾರೆ. ಶಾಲೆಯ ದಾಖಲೆಯಲ್ಲಿ 1-6-1936 ಎಂದಿದೆ.’ ನಮ್ಮಣ್ಣ ಇದನ್ನು ಓದಿ, “ಒಂದು ತಾರೀಕು ಹಾಕೋಕೆ ಇಷ್ಟು ಉದ್ದವೇನೆ?” ಎಂದು ಗೊಣಗಿದ. ದೊಡ್ಡತ್ತೆಗೆ ಓದಿ ಹೇಳಿದಾಗ ಅವರು ಕೇಳಿದ್ದು ಬೇರೆ: ತಂಬಿಟ್ಟಿನ ವಿಷಯ ಯಾಕೆ ಬಿಟ್ಟೆ?